ಕೈಚಿತ್ರದಿಂದ ಪರದೆಗಳ ಪಟ್ಟಿ: ‘ಮಾಡಿಕೊಡಿ’ ಎಂಬ ಒಂದೇ ಮಾತಿನ ವಿಮರ್ಶೆ

ಮೊಬೈಲ್ ಆಪ್ ಒಂದನ್ನು ಸಿದ್ಧಪಡಿಸುವ ಮೊದಲು ಅದರ ಪರದೆಗಳು ಹೇಗಿರಬೇಕೆಂದು ಕಾಗದದ ಮೇಲೆ ಗೆರೆಗಳಲ್ಲಿ ಬರೆದು ನೋಡುವುದುಂಟು. ಆಯತ ಎಂದರೆ ಪರದೆ, ಅದರೊಳಗಿನ ಚಿಕ್ಕ ಆಯತ ಎಂದರೆ ಒತ್ತುವ ಬಟನ್, ಅಂಕುಡೊಂಕು ಗೆರೆ ಎಂದರೆ ಅಲ್ಲಿ ಬರಬೇಕಾದ ಬರಹ, ಬಾಣ ಎಂದರೆ ಮುಂದೆ ತೆರೆಯುವ ಪರದೆ. ಬಣ್ಣವಿಲ್ಲದ ಈ ಹಂದರದ ಚಿತ್ರಕ್ಕೆ ವೈರ್‌ಫ್ರೇಮ್ ಎಂದು ಹೆಸರು. ಇದರ ಫೋಟೋ ತೆಗೆದು ‘ಇದನ್ನು ಮಾಡಿಕೊಡಿ’ ಎಂದಷ್ಟೇ ಹೇಳಿ ಕಳುಹಿಸುವುದು ಈಗ ಸಾಮಾನ್ಯವಾಗಿದೆ. ಪಡೆದವರು ತಂತ್ರಾಂಶ ಬರೆಯುವ ವ್ಯಕ್ತಿಯಾಗಿರಬಹುದು, ಇಲ್ಲವೇ ಚಿತ್ರವನ್ನು ಓದಬಲ್ಲ ಗಣಕವಿಧಾನವೇ ಆಗಿರಬಹುದು. ಇಬ್ಬರೂ ಮಾಡುವ ತಪ್ಪು ಒಂದೇ ಬಗೆಯದು. ಅದು ಯಾವುದು, ಅದನ್ನು ಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಮೂರು ಪ್ರಯತ್ನಗಳು

ಕೈಚಿತ್ರವನ್ನು ಓದಿ ಪರದೆಯಾಗಿ ಮಾರ್ಪಡಿಸುವ ಕೆಲಸ ಹೊಸದೇನಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಲ್ಯಾಂಡೇ ಮತ್ತು ಬ್ರ್ಯಾಡ್ ಮಯರ್ಸ್ 1995ರಲ್ಲಿ ಇಂಥದೊಂದು ಸಾಧನವನ್ನು ವಿವರಿಸಿದರು. ಅದರ ಹೆಸರು ‘ಸಿಲ್ಕ್’. ರೇಷ್ಮೆಗೂ ಅದಕ್ಕೂ ಸಂಬಂಧವಿಲ್ಲ. ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರದು. ಆಯತ, ಅಂಕುಡೊಂಕು ಗೆರೆ, ನೇರ ಗೆರೆ, ದೀರ್ಘವೃತ್ತ ಎಂಬ ನಾಲ್ಕು ಗುರುತುಗಳನ್ನು ಅದು ಹಿಡಿಯುತ್ತಿತ್ತು. ಆಯತದೊಳಗೆ ಅಂಕುಡೊಂಕು ಗೆರೆಯಿದ್ದರೆ ಅದನ್ನು ಬಟನ್ ಎಂದು ಊಹಿಸುತ್ತಿತ್ತು. ಇಲ್ಲಿ ಮುಖ್ಯವಾದುದು ಮುಂದಿನ ಹೆಜ್ಜೆ: ಊಹೆ ಸರಿಯಿಲ್ಲವೆಂದು ಚಿತ್ರಕಾರರಿಗೆ ಅನ್ನಿಸಿದರೆ, ಬೇರೆ ಅರ್ಥಗಳನ್ನು ಒಂದೊಂದಾಗಿ ತೋರಿಸಿ ಆಯ್ಕೆ ಮಾಡಲು ಬಿಡುತ್ತಿತ್ತು. ಎಂದರೆ ತನ್ನ ಓದು ಊಹೆ ಎಂಬುದನ್ನು ಆ ಸಾಧನ ಮರೆಮಾಚುತ್ತಿರಲಿಲ್ಲ.

2018ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಸ್ಕೆಚ್‌2ಕೋಡ್’ ಎಂಬ ಪ್ರಯೋಗವನ್ನು ಪ್ರಕಟಿಸಿತು. ಅದು ಫೋಟೋದಲ್ಲಿ ಬಟನ್, ಬರಹದ ಪೆಟ್ಟಿಗೆ, ಚಿತ್ರ ಮುಂತಾದವುಗಳ ಸ್ಥಾನವನ್ನು ಗುರುತಿಸುತ್ತಿತ್ತು, ಕೈಬರಹವನ್ನು ಬೇರೆಯಾಗಿ ಓದುತ್ತಿತ್ತು, ಎರಡನ್ನೂ ಜೋಡಿಸಿ ಜಾಲಪುಟದ ಸಂಕೇತವನ್ನು ಬರೆದುಕೊಡುತ್ತಿತ್ತು. ಇದರ ಒಳಗೂ ಒಂದು ಪಟ್ಟಿ ತಯಾರಾಗುತ್ತಿತ್ತು. ಆದರೆ ಬಳಸುವವರ ಕೈಗೆ ಬಂದದ್ದು ಪುಟ ಮಾತ್ರ.

ಮೂರನೆಯದು ನಿಮ್ಮಲ್ಲಿ ಹಲವರು ಕೇಳಿರಬಹುದಾದ ಪ್ರದರ್ಶನ. 2023ರ ಮಾರ್ಚ್ 14ರಂದು ಓಪನ್‌ಎಐ ಸಂಸ್ಥೆಯ ಗ್ರೆಗ್ ಬ್ರಾಕ್‌ಮನ್, ನೋಟ್‌ಪುಸ್ತಕದಲ್ಲಿ ಕೈಯಿಂದ ಬರೆದ ನಗೆಹನಿಗಳ ಜಾಲಪುಟದ ಚಿತ್ರವೊಂದನ್ನು ಜಿಪಿಟಿ-4 ಎಂಬ ಮಾದರಿಗೆ ಕೊಟ್ಟರು. ಕೆಲವೇ ಕ್ಷಣಗಳಲ್ಲಿ ಕೆಲಸ ಮಾಡುವ ಪುಟ ಬಂತು. ಚಿತ್ರ ಕೊಟ್ಟು ‘ಮಾಡು’ ಎಂದರೆ ಸಾಕು ಎಂಬ ನಂಬಿಕೆ ಹರಡಲು ಈ ಪ್ರದರ್ಶನ ಬಹುಮಟ್ಟಿಗೆ ಕಾರಣ.

ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲನೆಯದಾಗಿ, ಅಲ್ಲಿ ಹೇಳಿದ್ದು ‘ಮಾಡು’ ಎಂದಷ್ಟೇ ಅಲ್ಲ. ಯಾವ ಭಾಷೆಯಲ್ಲಿ ಸಂಕೇತ ಬರೆಯಬೇಕು, ಪುಟ ಬಣ್ಣಬಣ್ಣವಾಗಿರಬೇಕು, ಖಾಲಿ ಜಾಗದಲ್ಲಿ ಎರಡು ನಿಜವಾದ ನಗೆಹನಿಗಳನ್ನು ಹಾಕಬೇಕು ಎಂಬುದನ್ನೂ ಹೇಳಲಾಗಿತ್ತು. ಎರಡನೆಯದಾಗಿ, ಚಿತ್ರದಲ್ಲಿದ್ದುದು ಒಂದೇ ಪುಟ. ಮೂರನೆಯದಾಗಿ, ಒತ್ತಿದರೆ ನಗೆಹನಿಯ ಕೊನೆಯ ಸಾಲು ಕಾಣುತ್ತದೆ ಎಂದು ಬಟನ್ನಿನ ಮೇಲೆಯೇ ಬರೆದಿತ್ತು. ಒತ್ತಿದರೆ ಏನಾಗಬೇಕೆಂಬುದನ್ನು ಬಟನ್ನೇ ಹೇಳುವ ಚಿತ್ರ ಇದು. ಕೈಬರಹವನ್ನೂ ಉದ್ದೇಶವನ್ನೂ ಒಟ್ಟಿಗೆ ಗ್ರಹಿಸಿದ್ದು ಹಿಂದಿನ ಎರಡು ಸಾಧನಗಳಿಗಿಂತ ದೊಡ್ಡ ಮುನ್ನಡೆ ಎಂಬುದನ್ನು ಒಪ್ಪಲೇಬೇಕು. ಆದರೆ ಹಲವು ಪರದೆಗಳಿದ್ದು, ಬಟನ್ ಮೇಲೆ ‘ಮುಂದೆ’, ‘ಬೇಡ’ ಎಂಬ ಒಂದೊಂದೇ ಪದವಿರುವ ಚಿತ್ರಕ್ಕೆ ಈ ಪ್ರದರ್ಶನ ಸಾಕ್ಷಿಯಾಗಲಾರದು. ಅಂಥ ಒಂದು ಚಿತ್ರವನ್ನು ಬಿಡಿಸಿ ನೋಡೋಣ.

ಉದಾಹರಣೆಗೆ ಒಂದು ಚಿತ್ರ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯನ್ನು ನೀವು ಬಲ್ಲಿರಿ. ಬೆಳೆಗಾರರು ತಂದ ಗೂಡಿಗೆ ಲಾಟ್ ಸಂಖ್ಯೆ ಸಿಗುತ್ತದೆ, ನೂಲು ತೆಗೆಯುವ ರೀಲರ್‌ಗಳು ಬೆಲೆ ಕೂಗುತ್ತಾರೆ. ಈಗ ಆ ಕೂಗು ಮೊಬೈಲಿನ ಮೂಲಕ ನಡೆಯುವ ಇ-ಹರಾಜಾಗಿದೆ. ಬಂದ ಬೆಲೆ ಹಿಡಿಸದಿದ್ದರೆ ಬೆಳೆಗಾರರು ನಿರಾಕರಿಸಬಹುದು. ಒಪ್ಪಿದರೆ ತೂಕವಾಗಿ ಹಣ ಲೆಕ್ಕವಾಗುತ್ತದೆ. ಈ ವ್ಯವಸ್ಥೆಯನ್ನು ತಿಳಿದ ವಿದ್ಯಾರ್ಥಿಯೊಬ್ಬರು ಬೆಳೆಗಾರರಿಗಾಗಿ ಒಂದು ಆಪ್ ಬರೆದಿದ್ದಾರೆ ಎಂದುಕೊಳ್ಳಿ. ಇದು ಪಾಠಕ್ಕಾಗಿ ಕಲ್ಪಿಸಿದ ಚಿತ್ರ. ಮಾರುಕಟ್ಟೆಯಲ್ಲಿ ಬಳಕೆಯಲ್ಲಿರುವ ತಂತ್ರಾಂಶದ್ದಲ್ಲ. ಅಂಕಿಗಳೂ ಉದಾಹರಣೆಯವು.

ಗೆರೆ ಹಾಳೆಯ ಮೇಲೆ ನಾಲ್ಕು ದೊಡ್ಡ ಆಯತಗಳಿವೆ. ಮೊದಲನೆಯದರಲ್ಲಿ ‘ಗೂಡು ಮಾರುಕಟ್ಟೆ’ ಎಂಬ ತಲೆಬರಹ, ಕೆಳಗೆ ‘ರೈತರು’, ‘ರೀಲರ್‌ಗಳು’ ಎಂಬ ಎರಡು ಪೆಟ್ಟಿಗೆಗಳು. ಎರಡನೆಯದರಲ್ಲಿ ‘ಹೆಸರು’ ಎಂದು ಬರೆದು ಪಕ್ಕದಲ್ಲಿ ಖಾಲಿ ಪೆಟ್ಟಿಗೆ; ‘ಊರು’ ಎಂದು ಬರೆದು ಕೆಳಮುಖ ತ್ರಿಕೋನವಿರುವ ಪೆಟ್ಟಿಗೆ; ಅದರ ಹೊರಗೆ, ಅಂಚಿನಲ್ಲಿ, ‘ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ’; ಅದರ ಕೆಳಗೆ ಎರಡು ಚಿಕ್ಕ ವೃತ್ತಗಳ ಮುಂದೆ ‘ಮಿಶ್ರತಳಿ’, ‘ದ್ವಿತಳಿ’; ಕೊನೆಯಲ್ಲಿ ‘ಮುಂದೆ’ ಎಂಬ ಪೆಟ್ಟಿಗೆ. ಮೂರನೆಯದರಲ್ಲಿ ‘ಲಾಟ್ 27’, ‘ಕೊನೆಯ ಬಿಡ್ 512’, ಮತ್ತು ‘ಒಪ್ಪಿಗೆ’, ‘ಬೇಡ’ ಎಂಬ ಎರಡು ಪೆಟ್ಟಿಗೆಗಳು. ನಾಲ್ಕನೆಯದರಲ್ಲಿ ‘ತೂಕ 42.5’, ‘ಮೊತ್ತ 21760’, ಕೆಳಗೆ ಒಳಗೆ ಅಡ್ಡಗೀಟು ಹಾಕಿದ ಒಂದು ಚೌಕ. ಬಾಣಗಳು ಮೂರು: ‘ರೈತರು’ ಪೆಟ್ಟಿಗೆಯಿಂದ ಎರಡನೆಯ ಆಯತಕ್ಕೆ, ‘ಮುಂದೆ’ಯಿಂದ ಮೂರನೆಯದಕ್ಕೆ, ‘ಒಪ್ಪಿಗೆ’ಯಿಂದ ನಾಲ್ಕನೆಯದಕ್ಕೆ.

ಇಷ್ಟರೊಂದಿಗೆ ಬಂದ ಸೂಚನೆ ‘ಮಾಡಿಕೊಡಿ’.

ಓದುವ ಕ್ರಮ

ಮೊದಲು ಫೋಟೋವನ್ನೇ ಪರೀಕ್ಷಿಸಬೇಕು. ಓರೆಯಾಗಿ ತೆಗೆದ ಫೋಟೋದಲ್ಲಿ ಆಯತದ ಒಂದು ಬದಿ ಕುಗ್ಗಿ ಕಾಣುತ್ತದೆ. ಹಾಳೆಯ ನಾಲ್ಕು ಮೂಲೆಗಳೂ ಚೌಕಟ್ಟಿನೊಳಗಿವೆಯೇ ನೋಡಿ. ಮೂಲೆಯೊಂದು ಕಾಣದಿದ್ದರೆ ಅಲ್ಲಿ ಇನ್ನೊಂದು ಪರದೆ ಇದ್ದಿರಬಹುದು. ಹಾಳೆಯಲ್ಲೇ ಮುದ್ರಿತವಾದ ಗೆರೆಗಳು ಪೆಟ್ಟಿಗೆಯ ಅಂಚಿನಂತೆ ಕಾಣುತ್ತವೆ. ಮುದ್ರಿತ ಗೆರೆಗಳ ನಡುವಣ ಅಂತರ ಸಮವಾಗಿರುತ್ತದೆ, ಅವು ಪುಟದ ಈ ಅಂಚಿನಿಂದ ಆ ಅಂಚಿನವರೆಗೆ ಹೋಗುತ್ತವೆ, ಕೈಗೆರೆ ಹಾಗಲ್ಲ.

ಬಳಿಕ ಕೈಬರಹ. ಮೂರನೆಯ ಆಯತದ ‘ಬಿಡ್’ ಅವಸರದಲ್ಲಿ ಬರೆದಾಗ ‘ಬಿಡಿ’ಯಂತೆಯೂ ಕಾಣಬಹುದು. ಮೊದಲನೆಯದು ಹರಾಜಿನ ಕೂಗು, ಎರಡನೆಯದು ಬಿಟ್ಟುಬಿಡಿ ಎಂಬ ಆಜ್ಞೆ. ಅದನ್ನು ಆಜ್ಞೆ ಎಂದು ಓದಿದವರು ಅದಕ್ಕೂ ಒಂದು ಬಟನ್ ಮಾಡಿಬಿಟ್ಟಾರು! ಸುತ್ತ ಪೆಟ್ಟಿಗೆಯಿಲ್ಲ, ಪಕ್ಕದಲ್ಲಿ ಅಂಕಿಯಿದೆ ಎಂಬುದರಿಂದ ಅದು ಬರಹವೆಂದು ತೀರ್ಮಾನಿಸಬೇಕು. ಅಂಕಿಗಳನ್ನು ಪರೀಕ್ಷಿಸಲು ಇನ್ನೂ ಗಟ್ಟಿಯಾದ ದಾರಿಯಿದೆ. ‘42.5’ರಲ್ಲಿನ ಚುಕ್ಕಿ ಫೋಟೋದಲ್ಲಿ ಮಾಸಿ ‘425’ ಎಂದು ಕಂಡಿತೆನ್ನಿ. 512ನ್ನು 425ರಿಂದ ಗುಣಿಸಿದರೆ 2,17,600, 42.5ರಿಂದ ಗುಣಿಸಿದರೆ 21,760. ಚಿತ್ರದಲ್ಲಿರುವುದು ಎರಡನೆಯದು. ಇದೊಂದೇ ಗುಣಾಕಾರದಿಂದ ಮೂರು ಸಂಗತಿಗಳು ತಿಳಿದವು: ಚುಕ್ಕಿ ಇದೆ, 512 ಎಂಬುದು ಒಂದು ಕಿಲೋಗ್ರಾಂನ ಬೆಲೆ, ಮೊತ್ತವನ್ನು ಯಾರೂ ಬೆರಳಚ್ಚಿಸುವುದಿಲ್ಲ, ಆಪ್ ಲೆಕ್ಕಹಾಕಬೇಕು. ಶುಲ್ಕ ಕಳೆದ ಲೆಕ್ಕ ಚಿತ್ರದಲ್ಲಿಲ್ಲ, ಆದ್ದರಿಂದ ಅದನ್ನು ಸೇರಿಸುವಂತಿಲ್ಲ.

ಈಗ ಪಟ್ಟಿ. ಒಂದೊಂದು ಆಯತವನ್ನೂ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಓದಿ, ಪ್ರತಿ ಗುರುತಿಗೂ ಒಂದು ಸಾಲು ಬರೆಯಿರಿ. ಸಾಲಿನ ಕೊನೆಯಲ್ಲಿ ‘ಕಂಡದ್ದು’, ‘ಊಹೆ’, ‘ಚಿತ್ರದಲ್ಲಿಲ್ಲ’ ಎಂಬ ಮೂರರಲ್ಲಿ ಒಂದನ್ನು ಕಡ್ಡಾಯವಾಗಿ ನಮೂದಿಸಿ. ನಮ್ಮ ಚಿತ್ರದ ಬಟನ್ನುಗಳು ಮತ್ತು ಸಂದೇಹದ ಗುರುತುಗಳು ಹೀಗೆ ಬರುತ್ತವೆ:

ಪರದೆ 1, ‘ರೈತರು’: ಬಟನ್, ಪರದೆ 2ಕ್ಕೆ. ಕಂಡದ್ದು.
ಪರದೆ 1, ‘ರೀಲರ್‌ಗಳು’: ಬಟನ್. ಎಲ್ಲಿಗೆ ಎಂಬುದು ಚಿತ್ರದಲ್ಲಿಲ್ಲ.
ಪರದೆ 2, ‘ಊರು’: ಒಂದನ್ನು ಆರಿಸುವ ಪಟ್ಟಿ, ಅಂಚಿನ ನಾಲ್ಕು ಹೆಸರುಗಳು ಅದರ ಆಯ್ಕೆಗಳು. ಊಹೆ.
ಪರದೆ 2, ತಳಿಯ ವೃತ್ತಗಳು: ಎರಡರಲ್ಲಿ ಒಂದನ್ನು ಮಾತ್ರ ಆರಿಸಬಹುದು. ಊಹೆ.
ಪರದೆ 2, ‘ಮುಂದೆ’: ಬಟನ್, ಪರದೆ 3ಕ್ಕೆ. ಕಂಡದ್ದು.
ಪರದೆ 3, ‘ಒಪ್ಪಿಗೆ’: ಬಟನ್, ಪರದೆ 4ಕ್ಕೆ. ಕಂಡದ್ದು.
ಪರದೆ 3, ‘ಬೇಡ’: ಬಟನ್. ಎಲ್ಲಿಗೆ ಎಂಬುದು ಚಿತ್ರದಲ್ಲಿಲ್ಲ.
ಪರದೆ 4, ಅಡ್ಡಗೀಟಿನ ಚೌಕ: ಚಿತ್ರ ಬರುವ ಜಾಗ. ಊಹೆ.

ಕೊನೆಯ ಸಾಲನ್ನು ಗಮನಿಸಿ. ಅಡ್ಡಗೀಟಿನ ಚೌಕಕ್ಕೆ ವೈರ್‌ಫ್ರೇಮ್ ಬರೆಯುವವರಲ್ಲಿ ‘ಇಲ್ಲಿ ಚಿತ್ರ’ ಎಂಬ ಅರ್ಥ ರೂಢಿಯಲ್ಲಿದೆ. ಆದರೆ ಅದು ಮುಚ್ಚುವ ಬಟನ್ ಇರಬಹುದು, ಗುರುತು ಹಾಕಿದ ಆಯ್ಕೆಯ ಚೌಕವೂ ಇರಬಹುದು. ಮುಚ್ಚುವ ಬಟನ್ ಸಾಮಾನ್ಯವಾಗಿ ಮೇಲ್ಮೂಲೆಯಲ್ಲಿ ಚಿಕ್ಕದಾಗಿರುತ್ತದೆ. ಆಯ್ಕೆಯ ಚೌಕದ ಪಕ್ಕದಲ್ಲಿ ಬರಹವಿರುತ್ತದೆ. ಇದು ಕೆಳಗಿದೆ, ದೊಡ್ಡದಿದೆ, ಪಕ್ಕದಲ್ಲಿ ಏನೂ ಇಲ್ಲ. ಆದ್ದರಿಂದ ಚಿತ್ರದ ಜಾಗ ಎಂಬ ಊಹೆ ಹೆಚ್ಚು ಸಮಂಜಸ. ಆದರೂ ಅದು ಊಹೆಯೇ.

ಎಣಿಕೆ ಹೇಳುವುದು, ಹೇಳದಿರುವುದು

ಪಟ್ಟಿ ಮುಗಿದ ಮೇಲೆ ಎರಡು ಎಣಿಕೆ ಮಾಡಿ. ಮೊದಲ ಪರದೆಯೊಂದನ್ನು ಬಿಟ್ಟು ಉಳಿದ ಪ್ರತಿ ಪರದೆಗೂ ಒಳಬರುವ ಬಾಣವೊಂದಾದರೂ ಇರಬೇಕು. ಪ್ರತಿ ಬಟನ್ನಿಗೂ ಅದರಿಂದ ಏನಾಗುತ್ತದೆ ಎಂಬುದು ಗೊತ್ತಿರಬೇಕು. ನಮ್ಮ ಚಿತ್ರದಲ್ಲಿ ಮೊದಲ ಎಣಿಕೆ ಸರಿಹೋಗುತ್ತದೆ. ಎರಡನೆಯದರಲ್ಲಿ ಖಚಿತವಾದ ಬಟನ್ನುಗಳು ಐದು, ಬಾಣಗಳು ಮೂರು. ಹಾಗಾಗಿ ಎರಡು ಬಟನ್ನುಗಳು ಅನಾಥ: ‘ರೀಲರ್‌ಗಳು’ ಮತ್ತು ‘ಬೇಡ’.

ಇಲ್ಲಿಯೇ ನಮ್ಮ ವಿಮರ್ಶೆಯ ಮುಖ್ಯ ಅಂಶವಿದೆ. ಅನಾಥ ಬಟನ್ ಕಂಡಾಗ ಅವಸರದ ಕೈ ಅದಕ್ಕೊಂದು ತಾಣ ಕೊಟ್ಟುಬಿಡುತ್ತದೆ. ‘ಬೇಡ’ ಒತ್ತಿದರೆ ಮೊದಲ ಪರದೆಗೆ ಹೋಗಲಿ ಎಂದು ಬರೆದರೆ ಆಪ್ ಎಲ್ಲಿಯೂ ನಿಲ್ಲದೆ ಓಡುತ್ತದೆ, ನೋಡಲು ಪೂರ್ಣವಾಗಿಯೂ ಕಾಣುತ್ತದೆ. ಆದರೆ ಬೆಳೆಗಾರರ ಪಾಲಿಗೆ ‘ಬೇಡ’ ಎಂದರೆ ಈ ಬೆಲೆ ಬೇಡ ಎಂದರ್ಥವೇ ಹೊರತು ಮಾರುವುದೇ ಬೇಡ ಎಂದಲ್ಲ. ಮೊದಲ ಪರದೆಗೆ ಹೋದಾಗ ಲಾಟ್ 27 ಏನಾಯಿತು? ಹರಾಜಿನಲ್ಲಿ ಉಳಿಯಿತೋ ಅಳಿಸಿಹೋಯಿತೋ? ಗೂಡು ಹೆಚ್ಚು ದಿನ ಇಟ್ಟುಕೊಳ್ಳುವ ಸರಕಲ್ಲ. ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂರಿ ಹೊರಬಂದರೆ ನೂಲಿನ ಎಳೆ ಕಡಿದುಹೋಗುತ್ತದೆ. ಒಂದು ಬಾಣದ ತಪ್ಪು ಊಹೆಗೆ ಅಲ್ಲಿ ಬೆಲೆ ತೆರುವವರು ಬೆಳೆಗಾರರು.

ಎಣಿಕೆಯೂ ಹಿಡಿಯಲಾರದ ಇನ್ನೊಂದು ಕೊರತೆ ಇದೆ. ‘ಮುಂದೆ’ ಒತ್ತಿದೊಡನೆ ಪರದೆ 3ರಲ್ಲಿ ಕೊನೆಯ ಬಿಡ್ ಕಾಣುತ್ತದೆ ಎಂದು ಬಾಣ ಹೇಳುತ್ತದೆ. ಆದರೆ ಆ ನಡುವೆ ಲಾಟ್ ಸಂಖ್ಯೆ ಸಿಗಬೇಕು, ರೀಲರ್‌ಗಳು ಬೆಲೆ ಕೂಗಬೇಕು, ಹರಾಜಿನ ಅವಧಿ ಮುಗಿಯಬೇಕು. ಬಾಣಕ್ಕೆ ಕಾಲದ ಲೆಕ್ಕ ತಿಳಿಯದು. ಕಾಯುವ ಪರದೆ ಚಿತ್ರದಲ್ಲಿಲ್ಲ. ಬೆಲೆ ಕೂಗುವ ರೀಲರ್‌ಗಳ ಪರದೆಯೂ ಇಲ್ಲ. ಹರಾಜಿನ ಕ್ರಮವನ್ನು ಬಲ್ಲವರಿಗೆ ಮಾತ್ರ ಈ ಕೊರತೆ ಗೋಚರಿಸುತ್ತದೆ.

‘ಊರು’ ಎಂಬ ಪಟ್ಟಿಯೂ ಅಂಥದೇ. ನಾಲ್ಕು ಹೆಸರುಗಳು ಬೆಳೆಗಾರರ ಊರುಗಳೋ, ಗೂಡು ಮಾರುವ ಸ್ಥಳಗಳೋ? ಪರದೆ ನೋಡಲು ಎರಡರಲ್ಲೂ ಒಂದೇ. ಆದರೆ ಅದನ್ನು ಮಾರುವ ಸ್ಥಳವೆಂದು ತಿಳಿದು ಬರೆದ ಆಪ್‌ನಲ್ಲಿ, ತಮ್ಮ ಊರೆಂದು ‘ಮಾಗಡಿ’ಯನ್ನು ಆರಿಸಿದ ಬೆಳೆಗಾರರ ಲಾಟ್ ರಾಮನಗರದ ಹರಾಜಿನಲ್ಲಿ ಕಾಣಿಸುವುದೇ ಇಲ್ಲ. ಇನ್ನು ಊರು ಎಂದೇ ಇಟ್ಟುಕೊಂಡರೆ ಈ ನಾಲ್ಕರ ಹೊರಗಿನಿಂದ ಬಂದವರು ಏನನ್ನು ಆರಿಸಬೇಕು? ಗಮನಿಸಿ, ಈ ತಪ್ಪು ಪರದೆಯನ್ನು ನೋಡಿದಾಗ ಕಾಣುವುದಿಲ್ಲ. ಮೊದಲ ಮಾಗಡಿಯ ಲಾಟ್ ಕಳೆದುಹೋದಾಗ ಕಾಣುತ್ತದೆ.

‘ಮಾಡಿಕೊಡಿ’ ಎಂದರೆ ಎಷ್ಟು ಮಾಡಬೇಕು?

ಹಾಗಾದರೆ ಪ್ರತಿ ಸಂದೇಹಕ್ಕೂ ಪ್ರಶ್ನೆ ಕೇಳುತ್ತ ಕುಳಿತುಕೊಳ್ಳಬೇಕೇ? ಬೇಕಿಲ್ಲ. ಮಾಡಿಕೊಡಿ ಎಂದವರಿಗೆ ಇಪ್ಪತ್ತು ಪ್ರಶ್ನೆಗಳನ್ನು ಕಳುಹಿಸುವುದೂ ಕೆಲಸ ತಪ್ಪಿಸಿಕೊಳ್ಳುವ ಒಂದು ಬಗೆ. ಸಂದೇಹಗಳನ್ನು ತೂಗಿ ನೋಡಬೇಕು. ಅಡ್ಡಗೀಟಿನ ಚೌಕದ ಊಹೆ ತಪ್ಪಾದರೆ ನೋಡಿದ ಕ್ಷಣವೇ ಗೊತ್ತಾಗುತ್ತದೆ, ತಿದ್ದಲು ಕೆಲವು ನಿಮಿಷ ಸಾಕು; ಅಂಥದನ್ನು ಊಹಿಸಿ ಮುಂದುವರಿಯಬಹುದು. ‘ಬೇಡ’, ‘ಊರು’, ಹರಾಜಿನ ಕಾಯುವಿಕೆ ಈ ಮೂರರ ತಪ್ಪು ನೋಡಿದಾಗ ಕಾಣದು, ದತ್ತಾಂಶದ ಬುಡಕ್ಕೇ ಇಳಿದಿರುತ್ತದೆ. ಇವನ್ನು ಕೇಳಲೇಬೇಕು. ನಮ್ಮ ಚಿತ್ರದಿಂದ ಹುಟ್ಟುವ ಪ್ರಶ್ನೆಗಳು ಹೀಗೆ ಮೂರು ಮಾತ್ರ.

ಉತ್ತರ ಬರುವವರೆಗೂ ಕೆಲಸ ನಿಲ್ಲಬೇಕಿಲ್ಲ. ಕಂಡ ನಾಲ್ಕು ಪರದೆಗಳನ್ನು ಚಿತ್ರದಲ್ಲಿದ್ದಂತೆಯೇ ಕಟ್ಟಬಹುದು. ‘ಬೇಡ’ ಮತ್ತು ‘ರೀಲರ್‌ಗಳು’ ಬಟನ್ನುಗಳನ್ನು ತೆಗೆದುಹಾಕಬಾರದು, ಸುಳ್ಳು ತಾಣವನ್ನೂ ಕೊಡಬಾರದು. ಒತ್ತಿದಾಗ ‘ಮುಂದಿನ ಹಂತ ಇನ್ನೂ ನಿರ್ಧಾರವಾಗಿಲ್ಲ’ ಎಂಬ ಸಾಲು ಕಾಣಲಿ, ಲಾಟ್ ಇದ್ದಂತೆಯೇ ಇರಲಿ. ಮೊದಲ ಪರೀಕ್ಷೆಯಲ್ಲೇ ಚಿತ್ರಕಾರರ ಕಣ್ಣಿಗೆ ಅದು ಬೀಳುತ್ತದೆ. ಪಟ್ಟಿಯನ್ನೂ ಆಪ್‌ನ ಜೊತೆಗೇ ಕೊಡಬೇಕು, ಊಹೆಯ ಸಾಲುಗಳು ಮೇಲಿರಬೇಕು.

ಹಾಗೆಯೇ ಇಲ್ಲದ್ದನ್ನು ಸೇರಿಸುವ ಹವ್ಯಾಸವನ್ನೂ ಬಿಡಬೇಕು. ಗುಪ್ತಪದ ಕೇಳುವ ಪರದೆ, ‘ನಮ್ಮ ಬಗ್ಗೆ’ ಎಂಬ ಪುಟ, ಕೆಳಗೊಂದು ಮೆನು ಇವೆಲ್ಲ ಬೇರೆ ಆಪ್‌ಗಳಲ್ಲಿ ಇರುತ್ತವೆಂಬ ಕಾರಣಕ್ಕೇ ನುಸುಳುತ್ತವೆ. ಹಣದ ವ್ಯವಹಾರವಿರುವ ಆಪ್‌ಗೆ ಗುಪ್ತಪದ ಬೇಕಾಗಬಹುದು, ನಿಜ. ಅದನ್ನು ಪಟ್ಟಿಯಲ್ಲಿ ‘ಚಿತ್ರದಲ್ಲಿಲ್ಲ, ಬೇಕಾಗಬಹುದು’ ಎಂದು ಬರೆದರೆ ಸಾಕು. ಸದ್ದಿಲ್ಲದೆ ಸೇರಿಸಿದರೆ ಚಿತ್ರಕಾರರು ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ನಾವು ಕಸಿದುಕೊಂಡಂತೆ.

ಮೂರು ಪ್ರಯತ್ನಗಳನ್ನು ಈ ಅಳತೆಗೋಲಿನಿಂದ ಮತ್ತೆ ಅಳೆಯಿರಿ. ಓದುವ ಶಕ್ತಿಯಲ್ಲಿ 2023ರದು ಬಹಳ ಮುಂದಿದೆ. 1995ರ ಸಾಧನ ನಾಲ್ಕು ಗುರುತುಗಳಿಗೇ ಸೀಮಿತ. ಆದರೆ ಊಹೆಯನ್ನು ಊಹೆಯಾಗಿಯೇ ತೋರಿಸಿ ಚಿತ್ರಕಾರರ ಕೈಗೆ ತಿದ್ದುಪಡಿಯನ್ನು ಬಿಟ್ಟದ್ದು ಆ ಹಳೆಯ ಸಾಧನವೇ. ನುಣುಪಾಗಿ ಮುಗಿದ ಪುಟ ಬಂದಾಗ, ಅದರಲ್ಲಿ ಯಾವುದು ಕಾಗದದ ಮೇಲಿತ್ತು, ಯಾವುದು ನಡುವೆ ಹುಟ್ಟಿತು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ಒರಟು ಕೈಗೆರೆಗೆ ಇದ್ದ ಒಂದು ಗುಣ, ‘ನಾನಿನ್ನೂ ಮುಗಿದಿಲ್ಲ’ ಎಂದು ಹೇಳುವ ಗುಣ, ಅಲ್ಲಿ ಅಳಿಸಿಹೋಗಿರುತ್ತದೆ.

ಶಿಕ್ಷಕರಿಗೆ ಒಂದು ಪ್ರಯೋಗ. ಮೇಲಿನ ವಿವರಣೆಯಂತೆ ಚಿತ್ರವನ್ನು ಹಾಳೆಯ ಮೇಲೆ ಬರೆದು, ಅದರ ಫೋಟೋವನ್ನು ಮಾತ್ರ ಇಬ್ಬರು ವಿದ್ಯಾರ್ಥಿಗಳಿಗೆ ಬೇರೆಬೇರೆಯಾಗಿ ಕೊಡಿ. ಪರಸ್ಪರ ಮಾತನಾಡದೆ ಪಟ್ಟಿ ಬರೆಯಲಿ. ನಂತರ ಎರಡನ್ನೂ ಸಾಲುಸಾಲಾಗಿ ಹೋಲಿಸಿ. ಇಬ್ಬರಲ್ಲೂ ಒಂದೇ ಇರುವ ಸಾಲುಗಳು ಚಿತ್ರ ಸ್ಪಷ್ಟವಾಗಿ ಹೇಳಿದವು. ಬೇರೆಯಾದ ಸಾಲುಗಳಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಅಲ್ಲಿ ಚಿತ್ರವೇ ಮೌನವಾಗಿದೆ. ಇಬ್ಬರೂ ಒಂದೇ ಬಗೆಯಲ್ಲಿ ಊಹಿಸಿದ ಸಾಲುಗಳೂ ಇರುತ್ತವೆ ಎಂಬುದನ್ನು ಮರೆಯಬೇಡಿ. ಅವನ್ನು ಹಿಡಿಯಲು ಮೂರನೆಯವರೊಬ್ಬರು ಬೇಕು: ಗೂಡು ಮಾರಿ ಗೊತ್ತಿರುವ ಬೆಳೆಗಾರರೊಬ್ಬರು ಪಟ್ಟಿಯ ಮೇಲೆ ಕಣ್ಣಾಡಿಸಿದರೆ, ‘ಬೇಡ’ ಎಂದ ಮೇಲೆ ಏನು ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳುವವರು ಅವರೇ.